ಕೃತಜ್ಞತೆಯ ಕ್ರಿಯೆ, ಕ್ಷಮೆಯ ಮಾತು: ಕನ್ನಡದಿಂದ ಇಂಗ್ಲಿಷಿಗೆ ಅನುವಾದಿಸುವಾಗ ಎದುರಾಗುವ ಎರಡು ಪ್ರಶ್ನೆಗಳು

1. ಒಂದು ಡಬ್ಬಿಯ ಪ್ರಸಂಗ

ರತ್ನಳ ತಾಯಿಗೆ ಒಂದು ರಾತ್ರಿ ಎದೆನೋವು ಕಾಣಿಸಿಕೊಂಡಿದೆ. ಪಕ್ಕದ ಮನೆಯ ಜಯಮ್ಮ ಆಟೋ ಹಿಡಿದು, ಜೊತೆಯಲ್ಲಿ ಕುಳಿತು, ಆಸ್ಪತ್ರೆಗೆ ಸೇರಿಸಲು ನೆರವಾಗಿದ್ದಾರೆ. ಮರುದಿನ ಒಂದು ಡಬ್ಬಿಯಲ್ಲಿ ಗಂಜಿಯನ್ನೂ ಕೊಟ್ಟು ಕಳುಹಿಸಿದ್ದಾರೆ. ವಾರದ ಬಳಿಕ ರತ್ನ ಆ ಡಬ್ಬಿಯನ್ನು ಹಿಂದಿರುಗಿಸಲು ಬಂದಿದ್ದಾಳೆ. ಆಗ ಹೊಸ್ತಿಲಲ್ಲಿ ನಡೆಯುವ ಮಾತುಕತೆ ಹೀಗಿರುತ್ತದೆ. ಇದು ಧ್ವನಿಮುದ್ರಿಸಿದ ಸಂಭಾಷಣೆಯಲ್ಲ. ಹಳೆಯ ಮೈಸೂರು ಭಾಗದ ಆಡುಮಾತನ್ನು ಆಧರಿಸಿ ವಿವರಣೆಯ ಅನುಕೂಲಕ್ಕಾಗಿ ನಾವು ಕಟ್ಟಿಕೊಂಡದ್ದು.

(1) ರತ್ನ: ಅಕ್ಕ, ನಿಮ್ಮ ಡಬ್ಬಿ.
(2) ಜಯಮ್ಮ: ಅದಕ್ಕೇನು ಆತುರ ಇತ್ತು? ಇದೇನೇ ಇದು, ಭಾರ ಇದೆ?
(3) ರತ್ನ: ಏನಿಲ್ಲ, ಒಂದ್ನಾಲ್ಕು ಕೋಡುಬಳೆ. ಮನೇಲಿ ಮಾಡಿದ್ವಿ.
(4) ಜಯಮ್ಮ: ಇದೆಲ್ಲ ಯಾಕೆ ಮಾಡೋಕೆ ಹೋದೆ? ಅಮ್ಮ ಹೇಗಿದಾರೆ?
(5) ರತ್ನ: ಈಗ ಪರವಾಗಿಲ್ಲ ಅಕ್ಕ. ಆವತ್ತು ನೀವಿಲ್ದೇ ಇದ್ದಿದ್ರೆ ಏನಾಗ್ತಿತ್ತೋ.
(6) ಜಯಮ್ಮ: ಬಿಡು, ನಿಮ್ಮಮ್ಮ ನಮಗೇನು ಬೇರೆಯವರಾ?

ಈ ಆರು ಮಾತುಗಳಲ್ಲಿ ‘ಧನ್ಯವಾದ’ವಾಗಲಿ ‘ಥ್ಯಾಂಕ್ಸ್’ ಆಗಲಿ ಇಲ್ಲ. ಆದರೂ ರತ್ನ ಕೃತಜ್ಞತೆ ಸಲ್ಲಿಸಲೆಂದೇ ಬಂದಿದ್ದಾಳೆಂಬುದು ಜಯಮ್ಮನಿಗೆ ತಿಳಿದಿದೆ, ಅದು ಸಂದಿದೆಯೆಂಬುದು ರತ್ನಳಿಗೂ ತಿಳಿದಿದೆ. ಸ್ನಾತಕೋತ್ತರ ತರಗತಿಯ ಅನುವಾದ ಪಾಠಗಳಲ್ಲಿ ಇಂಥ ಭಾಗಗಳನ್ನು ಇಂಗ್ಲಿಷಿಗೆ ತರಲು ಹೇಳಿದಾಗ ಎರಡು ಬಗೆಯ ಉತ್ತರಗಳು ನಮ್ಮ ಮುಂದೆ ಬರುತ್ತವೆ. ಕೆಲವರು ಮೂಲದಲ್ಲಿಲ್ಲದ ‘ಥ್ಯಾಂಕ್ ಯೂ’ವನ್ನು ಸೇರಿಸುತ್ತಾರೆ. ಉಳಿದವರು ಪದಕ್ಕೆ ಪದವಿಟ್ಟು ರತ್ನಳನ್ನು ಕೃತಜ್ಞತೆಯಿಲ್ಲದವಳನ್ನಾಗಿಯೂ ಜಯಮ್ಮನನ್ನು ಸಿಡುಕಿಯನ್ನಾಗಿಯೂ ಮಾಡುತ್ತಾರೆ. ಈ ಎರಡೂ ತಪ್ಪುಗಳ ಮೂಲ ಒಂದೇ ಎಂಬುದು ನಮ್ಮ ವಾದ. ಕೃತಜ್ಞತೆ ಮತ್ತು ಕ್ಷಮೆಯ ಸಂದರ್ಭಗಳಲ್ಲಿ ಇಂಗ್ಲಿಷಿನ ರೂಢಿಯ ಮಾತು ಆಡುವವರ ಮನಃಸ್ಥಿತಿಯನ್ನು ಹೇಳುತ್ತದೆ. ಕನ್ನಡದ ರೂಢಿಯ ಮಾತು ಬಹುಮಟ್ಟಿಗೆ ಇಬ್ಬರ ನಡುವೆ ಏನಾಯಿತು ಎಂಬುದನ್ನು ಹೇಳುತ್ತದೆ. ಈ ವ್ಯತ್ಯಾಸವನ್ನು ಮರೆತರೆ ಕತೆಯ ಅನುವಾದದಲ್ಲಿ ಪಾತ್ರಗಳು ಕೆಡುತ್ತವೆ. ವಿಚಾರಣೆಯ ದಾಖಲೆಯಲ್ಲಿ ಮನುಷ್ಯನೊಬ್ಬನಿಗೆ ಅನ್ಯಾಯವಾಗಬಹುದು.

2. ಋಣ ಮತ್ತು ಅದರ ಲೆಕ್ಕ

ಜಾನ್ ಸರ್ಲ್ 1969ರಲ್ಲಿ ಪ್ರಕಟಿಸಿದ ವಾಗ್‌ಕ್ರಿಯೆಗಳ ವಿವೇಚನೆಯಲ್ಲಿ ‘ಥ್ಯಾಂಕ್’ ಎಂಬ ಕ್ರಿಯೆಗೆ ನಿಬಂಧನೆಗಳನ್ನು ಕೊಟ್ಟಿದ್ದಾರೆ. ಕೇಳುಗರು ಹಿಂದೆ ಒಂದು ಕೆಲಸ ಮಾಡಿರಬೇಕು, ಅದರಿಂದ ಆಡುಗರಿಗೆ ಹಿತವಾಗಿರಬೇಕು, ಆಡುಗರಿಗೆ ಕೃತಜ್ಞತೆಯ ಭಾವವಿರಬೇಕು, ಮಾತು ಆ ಭಾವದ ಅಭಿವ್ಯಕ್ತಿಯೆಂದು ಪರಿಗಣಿತವಾಗಬೇಕು. ರತ್ನಳ ಪ್ರಸಂಗದಲ್ಲಿ ಮೊದಲ ಮೂರೂ ಈಡೇರಿವೆ. ನಾಲ್ಕನೆಯ ನಿಬಂಧನೆಯನ್ನು ಮಾತಿನ ಜೊತೆಗೆ ಡಬ್ಬಿಯೂ ಪೂರೈಸುತ್ತಿದೆ. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ರೂಢಿ ಕರ್ನಾಟಕದ ಅನೇಕ ಮನೆಗಳಲ್ಲಿದೆ. ಬೇರೇನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತಾರೆ. ಈ ರೂಢಿಯನ್ನು ಬಲ್ಲವರಿಗೆ ತುಂಬಿದ ಡಬ್ಬಿಯೇ ಒಂದು ಉಕ್ತಿ.

ಬ್ರೌನ್ ಮತ್ತು ಲೆವಿನ್‌ಸನ್ ಅವರ ವಿನಯಸಿದ್ಧಾಂತ ಇಲ್ಲಿ ಒಂದು ಹೆಜ್ಜೆ ಮುಂದೆ ಹೋಗಲು ನೆರವಾಗುತ್ತದೆ. ಕೊಯಮತ್ತೂರು ಜಿಲ್ಲೆಯ ತಮಿಳು ಹಳ್ಳಿಯೊಂದರ ಮಾತುಗಳೂ ಆ ಗ್ರಂಥದ ಆಧಾರಸಾಮಗ್ರಿಯಲ್ಲಿ ಸೇರಿವೆ. ಅವರ ಪ್ರಕಾರ ಕೃತಜ್ಞತೆ ಹೇಳುವುದೆಂದರೆ ಋಣವೊಂದನ್ನು ಒಪ್ಪಿಕೊಂಡು ತನ್ನ ಸ್ವಾತಂತ್ರ್ಯವನ್ನು ಸ್ವಲ್ಪ ಕಳೆದುಕೊಳ್ಳುವುದು. ಆದರೆ ಋಣವನ್ನು ಒಪ್ಪಿಕೊಳ್ಳುವುದಕ್ಕೂ ತೀರಿಸುವುದಕ್ಕೂ ನಡುವೆ ಅಂತರವಿದೆ. ನಗರದ ಅಪರಿಚಿತರ ನಡುವೆ ‘ಥ್ಯಾಂಕ್ಸ್’ ಎಂಬ ಮಾತು ಋಣವನ್ನು ಒಪ್ಪಿಕೊಳ್ಳುತ್ತಲೇ ಅದನ್ನು ತೀರಿಸಿಯೂ ಬಿಡುತ್ತದೆ. ಬಾಗಿಲು ಹಿಡಿದವರಿಗೆ ಅಷ್ಟು ಹೇಳಿದರೆ ಮುಗಿಯಿತು. ನೆಂಟರು, ನೆರೆಯವರು, ಗೆಳೆಯರ ನಡುವೆ ಹೀಗೆ ಲೆಕ್ಕ ಮುಗಿಸುವುದೇ ಅನುಚಿತ. ಆದ್ದರಿಂದಲೇ ರತ್ನ (5)ರಲ್ಲಿ ‘ತುಂಬ ಥ್ಯಾಂಕ್ಸ್ ಅಕ್ಕ’ ಎಂದಿದ್ದರೆ ಜಯಮ್ಮ ‘ಥ್ಯಾಂಕ್ಸ್ ಎಲ್ಲ ಯಾಕೆ, ನಾವೇನು ಹೊರಗಿನವರಾ?’ ಎನ್ನುವ ಸಾಧ್ಯತೆ ಇತ್ತು. ಅಂಥ ಉತ್ತರ ವಿನಯದ ಮಾತೂ ಹೌದು, ಸಣ್ಣ ಆಕ್ಷೇಪವೂ ಹೌದು. ಕೋಡುಬಳೆಯಾದರೋ ಲೆಕ್ಕವನ್ನು ಮುಗಿಸುವುದಿಲ್ಲ. ಡಬ್ಬಿ ಈಗ ಜಯಮ್ಮನ ಮನೆಯಲ್ಲಿದೆ. ಅದು ಇನ್ನೊಂದು ದಿನ ಇನ್ನೇನನ್ನೋ ತುಂಬಿಕೊಂಡು ರತ್ನಳ ಮನೆಗೆ ಹೊರಡುತ್ತದೆ.

ಹಾಗೆಂದು ಕನ್ನಡದಲ್ಲಿ ಕೃತಜ್ಞತೆಯ ಪದಗಳಿಲ್ಲವೆಂದು ಅರ್ಥವಲ್ಲ. ‘ಧನ್ಯ’ ಮತ್ತು ‘ವಾದ’ ಸೇರಿದ ಸಂಸ್ಕೃತದ ‘ಧನ್ಯವಾದ’ ವೇದಿಕೆ, ಪತ್ರ, ಪ್ರಕಟಣೆಗಳಲ್ಲಿ ನೆಲೆಯೂರಿದೆ. ಸಮಾರಂಭದ ಕೊನೆಗೆ ವಂದನಾರ್ಪಣೆ ಮಾಡುವವರು ಅದನ್ನು ಬಿಟ್ಟು ಮಾತಾಡಲಾರರು. ಆದರೆ ಅದೇ ಪದವನ್ನು ಊಟ ಬಡಿಸಿದ ತಾಯಿಗೆ ಹೇಳಿದರೆ ತಮಾಷೆಯೋ ಮುನಿಸೋ ಆಗುತ್ತದೆ. ಆಡುಮಾತಿನಲ್ಲಿ ಗಂಭೀರವಾದ ಉಪಕಾರಕ್ಕೆ ಮೀಸಲಾದ ರೂಪ ಬೇರೆಯೇ ಇದೆ: ‘ನಿಮ್ಮಿಂದ ತುಂಬ ಉಪಕಾರ ಆಯ್ತು’, ಧಾರವಾಡದ ಕಡೆಯಲ್ಲಿ ‘ಭಾಳ ಉಪಕಾರ ಆತ್ರಿ’. ಈ ವಾಕ್ಯದ ‘ಆಗು’ ಎಂಬ ಕ್ರಿಯಾಪದವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಕ್ಷಮೆಯ ಚರ್ಚೆಯಲ್ಲಿ ಅದು ಮತ್ತೆ ಬರುತ್ತದೆ.

3. ಕೃತಜ್ಞತೆಯ ವ್ಯಾಕರಣ

ಕ್ರಿಯೆಯ ಮೂಲಕ ಕೃತಜ್ಞತೆ ಎಂದಾಗ ಮೌನ ಎಂದು ತಿಳಿಯಬಾರದು. ಕ್ರಿಯೆಯ ಸುತ್ತ ಮಾತು ಇದ್ದೇ ಇರುತ್ತದೆ. ಅದರಲ್ಲಿ ಕೃತಜ್ಞತೆಯ ನಾಮಪದವಿರುವುದಿಲ್ಲ, ಅಷ್ಟೆ. ಮೇಲಿನ ಸಂಭಾಷಣೆಯಲ್ಲಿ ಮೂರು ಅಂಶಗಳನ್ನು ಗುರುತಿಸಬಹುದು.

ಮೊದಲನೆಯದು, (3)ರ ‘ಒಂದ್ನಾಲ್ಕು’. ಇದು ಸಂಖ್ಯೆಯಲ್ಲ, ಅಂದಾಜನ್ನು ಹೇಳುತ್ತಲೇ ಕೊಡುಗೆಯನ್ನು ಕಿರಿದುಮಾಡುವ ರೂಪ. ಡಬ್ಬಿಯಲ್ಲಿ ಇಪ್ಪತ್ತು ಕೋಡುಬಳೆಗಳಿದ್ದರೂ ಅವು ‘ಒಂದ್ನಾಲ್ಕೇ’. ಕೊಟ್ಟದ್ದು ಉಪಕಾರದ ಬೆಲೆಯಲ್ಲ ಎಂದು ಹೇಳುವುದೇ ಈ ಕಿರಿದುಗೊಳಿಸುವಿಕೆಯ ಉದ್ದೇಶ.

ಎರಡನೆಯದು, (4)ರ ‘ಮಾಡೋಕೆ ಹೋದೆ’. ಇಲ್ಲಿ ‘ಹೋಗು’ ಚಲನೆಯನ್ನು ಹೇಳುತ್ತಿಲ್ಲ. ಸಹಾಯಕ ಕ್ರಿಯಾಪದವಾಗಿ ಅದು ‘ಅಗತ್ಯವಿಲ್ಲದ ಶ್ರಮಕ್ಕೆ ಕೈಹಾಕಿದೆ’ ಎಂಬ ಆಡುಗರ ಮೌಲ್ಯಮಾಪನವನ್ನು ಸೇರಿಸುತ್ತದೆ. ‘ಅವನ ಜಗಳಕ್ಕೆ ನೀನ್ಯಾಕೆ ಬಿಡಿಸೋಕೆ ಹೋದೆ?’ ಎಂಬಲ್ಲಿ ಇದು ನಿಜವಾದ ಗದರಿಕೆ. ಕೊಡುಗೆಯನ್ನು ಸ್ವೀಕರಿಸುವ ಸಂದರ್ಭದಲ್ಲಿ ಅದೇ ರಚನೆ ಸ್ವೀಕಾರದ ವಿಧಿ. ಇಷ್ಟು ಹೇಳದೆ ಡಬ್ಬಿಯನ್ನು ತೆಗೆದುಕೊಂಡರೆ ಅದು ತನಗೆ ಸಲ್ಲಬೇಕಾದ್ದೇ ಎಂಬ ಧೋರಣೆಯಾಗುತ್ತದೆ.

ಮೂರನೆಯದು, (5)ರ ಪಕ್ಷಾರ್ಥಕ ವಾಕ್ಯ. ‘ನೀವಿಲ್ದೇ ಇದ್ದಿದ್ರೆ’ ಎಂಬುದು ನಡೆಯದ ಸಂಗತಿಯ ಊಹೆ. ಅದರ ಫಲವನ್ನು ‘ಏನಾಗ್ತಿತ್ತೋ’ ಎಂದು ಅನಿಶ್ಚಿತವಾಗಿ ಬಿಡಲಾಗಿದೆ. ರತ್ನ ತನ್ನ ಭಾವವನ್ನು ಹೇಳಿಲ್ಲ. ಉಪಕಾರವಿಲ್ಲದ ಜಗತ್ತೊಂದನ್ನು ಕ್ಷಣಕಾಲ ಮುಂದಿಟ್ಟು, ಉಪಕಾರದ ಅಳತೆಯನ್ನು ಜಯಮ್ಮನಿಗೇ ಬಿಟ್ಟಿದ್ದಾಳೆ. ‘ಓ’ಕಾರದಲ್ಲಿ ಮುಗಿಯುವ ಈ ವಾಕ್ಯ ಉತ್ತರವನ್ನು ಬೇಡುವ ಪ್ರಶ್ನೆಯಲ್ಲ. ಆದ್ದರಿಂದ ಜಯಮ್ಮ ಅದಕ್ಕೆ ಉತ್ತರಿಸುವುದಿಲ್ಲ. (6)ರಲ್ಲಿ ಋಣದ ಪ್ರಶ್ನೆಯೇ ಏಳದಂತೆ ಸಂಬಂಧವನ್ನು ಮುಂದೆ ಮಾಡುತ್ತಾರೆ.

ಈ ಸಂಭಾಷಣೆಯಲ್ಲಿ ಬಾರದ, ಆದರೆ ಅಷ್ಟೇ ಮುಖ್ಯವಾದ ಇನ್ನೊಂದು ರೂಢಿಯನ್ನು ಇಲ್ಲಿ ಸೇರಿಸಬೇಕು. ಉಪಕಾರ ಪಡೆದವರು ಮೂರನೆಯವರೊಬ್ಬರ ಮುಂದೆ, ಉಪಕಾರ ಮಾಡಿದವರಿಗೆ ಕೇಳಿಸುವಂತೆ, ಅದನ್ನು ವರದಿ ಮಾಡುತ್ತಾರೆ: ‘ಆವತ್ತು ಇವರೇ ಆಟೋ ಹಿಡಿದುಕೊಟ್ಟಿದ್ದು.’ ಇದು ಸೀಳುವಾಕ್ಯ. ಕ್ರಿಯೆ ‘ಹಿಡಿದುಕೊಟ್ಟಿದ್ದು’ ಎಂಬ ಕೃದಂತನಾಮವಾಗಿ ಕೊನೆಗೆ ನಿಂತಿದೆ, ಕರ್ತೃವಿಗೆ ‘ಏ’ ಎಂಬ ಅವಧಾರಣೆ ಸೇರಿದೆ, ‘ಕೊಡು’ ಎಂಬ ಸಹಾಯಕ ಕ್ರಿಯಾಪದ ಕೆಲಸ ಪರಹಿತಕ್ಕಾಗಿ ನಡೆಯಿತೆಂಬುದನ್ನು ಸೂಚಿಸುತ್ತದೆ. ವಾಕ್ಯವನ್ನು ಮೂರನೆಯವರಿಗೆ ಹೇಳಿದ್ದರೂ ಕೃತಜ್ಞತೆ ಸಲ್ಲುವುದು ಪಕ್ಕದಲ್ಲಿ ನಿಂತವರಿಗೆ. ಅವರು ‘ಅಯ್ಯೋ, ಅದೇನು ಮಹಾ’ ಎಂದು ನಡುವೆ ಬಾಯಿಹಾಕುವುದೇ ಅದಕ್ಕೆ ಸಾಕ್ಷಿ.

4. ಮೂರು ಅನುವಾದಗಳು

ಈಗ ಸಂಭಾಷಣೆಯನ್ನು ಇಂಗ್ಲಿಷಿಗೆ ತರುವ ಮೂರು ದಾರಿಗಳನ್ನು ಹೋಲಿಸೋಣ.

ಮೊದಲ ದಾರಿಯಲ್ಲಿ (5) ‘ಥ್ಯಾಂಕ್ ಯೂ ಸೋ ಮಚ್ ಫಾರ್ ದಟ್ ನೈಟ್’ ಎಂದಾಗುತ್ತದೆ. ಓದುಗರಿಗೆ ಕೃತಜ್ಞತೆ ತಲುಪುತ್ತದೆ, ನಿಜ. ಆದರೆ ಅದು ತಲುಪಿದ ಮೇಲೆ ಕೋಡುಬಳೆಗೆ ಕೆಲಸವೇ ಉಳಿಯುವುದಿಲ್ಲ. ಅದು ತಿಂಡಿಯಾಗುತ್ತದೆ, ಇಲ್ಲವೇ ಸಂಭಾವನೆಯಾಗುತ್ತದೆ. ಜಯಮ್ಮನ ‘ಬೇರೆಯವರಾ?’ ಎಂಬ ಮಾತೂ ಅರ್ಥ ಬದಲಿಸುತ್ತದೆ. ಮೂಲದಲ್ಲಿ ಅದು ಅಕ್ಕರೆ. ಇಲ್ಲಿ ಥ್ಯಾಂಕ್ಸ್ ಹೇಳಿದ್ದಕ್ಕೆ ಬಂದ ಆಕ್ಷೇಪವೆಂದು ತೋರುತ್ತದೆ.

ಎರಡನೆಯ ದಾರಿ ಪದಶಃ ಅನುವಾದ. ‘ಫೋರ್ ಕೋಡುಬಳೆ’ ಎಂಬಲ್ಲಿ ಅಂದಾಜು ಎಣಿಕೆಯಾಗುತ್ತದೆ. ‘ವೈ ಡಿಡ್ ಯೂ ಗೋ ಅಂಡ್ ಡೂ ಆಲ್ ದಿಸ್’ ಎಂಬುದು ಗದರಿಕೆಯಂತೆ ಕೇಳಿಸುತ್ತದೆ. ವ್ಯಾಕರಣಕ್ಕೆ ನಿಷ್ಠವಾದ ಅನುವಾದವೇ ವಾಗ್‌ಕ್ರಿಯೆಗೆ ದ್ರೋಹ ಮಾಡುತ್ತದೆ.

ಮೂರನೆಯ ದಾರಿ, ‘ಥ್ಯಾಂಕ್ ಯೂ’ವನ್ನು ಬಿಟ್ಟು ಇಂಗ್ಲಿಷಿನಲ್ಲೇ ಇರುವ ಬೇರೆ ರೂಢಿಗಳನ್ನು ಹುಡುಕುವುದು. (4)ಕ್ಕೆ ‘ಯೂ ಶುಡಂಟ್ ಹ್ಯಾವ್’ ಎಂಬ ಅರ್ಧವಾಕ್ಯ ಸಿದ್ಧವಾಗಿದೆ. ಅದೂ ಕೊಡುಗೆಯನ್ನು ಸ್ವೀಕರಿಸುವಾಗ ಆಡುವ ಹುಸಿ ಆಕ್ಷೇಪವೇ. (5)ಕ್ಕೆ ‘ಐ ಡೋಂಟ್ ನೋ ವಾಟ್ ವೀ ವುಡ್ ಹ್ಯಾವ್ ಡನ್ ವಿದೌಟ್ ಯೂ’ ಎಂಬುದು ಮೂಲದಂತೆಯೇ ಪಕ್ಷಾರ್ಥಕ, ಮೂಲದಂತೆಯೇ ಅನಿಶ್ಚಿತ. ‘ಒಂದ್ನಾಲ್ಕು’ ‘ಜಸ್ಟ್ ಅ ಫ್ಯೂ’ ಆಗಬಹುದು. ಉಳಿಯುವುದು ಡಬ್ಬಿ ಮಾತ್ರ. ಬರಿದಾದ ಪಾತ್ರೆಯನ್ನು ಹಿಂದಿರುಗಿಸುವುದಿಲ್ಲವೆಂಬುದು ಇಂಗ್ಲಿಷ್ ಓದುಗರಿಗೆ ತಿಳಿಯದಿರಬಹುದು. ಕತೆಯಲ್ಲಾದರೆ ನಿರೂಪಕರ ಒಂದು ಉಪವಾಕ್ಯದಲ್ಲಿ ಡಬ್ಬಿಯ ಭಾರವನ್ನು ಕಾಣಿಸಿದರೆ ಸಾಕು, ಅಡಿಟಿಪ್ಪಣಿ ಬೇಕಿಲ್ಲ. ಭಾಷೆಗಳ ನಡುವಿನ ಅಂತರ ಅಂದುಕೊಂಡಷ್ಟು ದೊಡ್ಡದಲ್ಲ ಎಂಬುದನ್ನೂ ಈ ದಾರಿ ತೋರಿಸುತ್ತದೆ. ಇಂಗ್ಲಿಷಿನಲ್ಲೂ ಕೃತಜ್ಞತೆಗೆ ಸುತ್ತುಬಳಸಿನ ಮಾತುಗಳಿವೆ. ನಿಘಂಟು ‘ಕೃತಜ್ಞತೆ’ಯ ಎದುರು ‘ಥ್ಯಾಂಕ್ಸ್’ ಎಂದಷ್ಟೇ ಕೊಡುವುದರಿಂದ ಅವು ಅನುವಾದಕರ ಕಣ್ಣಿಗೆ ಬೀಳುವುದಿಲ್ಲ.

5. ‘ತಪ್ಪಾಯ್ತು’ ಎಂದವರು ಏನನ್ನು ಒಪ್ಪಿಕೊಂಡರು?

ಕೃತಜ್ಞತೆಯೂ ಕ್ಷಮಾಯಾಚನೆಯೂ ಋಣದ ಎರಡು ಮುಖಗಳೆಂಬುದನ್ನು ಫ್ಲೋರಿಯನ್ ಕೂಲ್ಮಾಸ್ 1981ರ ತಮ್ಮ ಲೇಖನದಲ್ಲಿ ಜಪಾನಿ ಭಾಷೆಯ ಆಧಾರದಿಂದ ತೋರಿಸಿದ್ದರು. ಕನ್ನಡದಲ್ಲಿ ಈ ನಂಟು ವಾಕ್ಯರಚನೆಯಲ್ಲೇ ಇದೆ. ‘ನಿಮ್ಮಿಂದ ಉಪಕಾರ ಆಯ್ತು’, ‘ನನ್ನಿಂದ ತಪ್ಪಾಯ್ತು’ ಎಂಬ ಎರಡು ವಾಕ್ಯಗಳ ಅಚ್ಚು ಒಂದೇ. ಎರಡರಲ್ಲೂ ವ್ಯಕ್ತಿ ಕರ್ತೃಪದವಾಗಿಲ್ಲ. ‘ಇಂದ’ ಪ್ರತ್ಯಯ ಹೊತ್ತು, ಘಟನೆ ಹೊಮ್ಮಿದ ಮೂಲವಾಗಿ ನಿಂತಿದ್ದಾರೆ. ಎರಡರಲ್ಲೂ ‘ಆಗು’ ಒಂದು ಸಂಗತಿ ನಡೆಯಿತೆಂದು ಹೇಳುತ್ತದೆ. ‘ಐ ಥ್ಯಾಂಕ್ ಯೂ’, ‘ಐ ಆಮ್ ಸಾರಿ’ ಎಂಬಲ್ಲಿ ‘ಐ’ ಇರುವಂತೆ ಇಲ್ಲಿ ‘ನಾನು’ ಇಲ್ಲ.

ಇದರಿಂದ ಅನುವಾದದಲ್ಲಿ ಏನಾಗುತ್ತದೆಂಬುದಕ್ಕೆ ಒಂದು ಕಲ್ಪಿತ ವಿಚಾರಣೆಯನ್ನು ತೆಗೆದುಕೊಳ್ಳೋಣ. ಗೋದಾಮಿನ ಲೆಕ್ಕದಲ್ಲಿ ಎರಡು ಮೂಟೆ ಕಡಿಮೆಯಾಗಿವೆ. ಮೇಲಧಿಕಾರಿ ಕೆಲಸಗಾರನನ್ನು ಕರೆಸಿ, ಸಿಟ್ಟಿನಿಂದ ‘ಬೀಗದ ಕೈ ನಿನ್ನ ಹತ್ತಿರ ತಾನೇ ಇದ್ದದ್ದು?’ ಎಂದು ಕೇಳುತ್ತಾರೆ. ಕೆಲಸಗಾರ ಹೇಳುವುದು: ‘ತಪ್ಪಾಯ್ತು ಸಾರ್. ಇದೊಂದ್ಸಲ ಬಿಟ್ಬಿಡಿ.’ ಇಂಗ್ಲಿಷ್ ವರದಿಯಲ್ಲಿ ಇದು ‘ಐ ಕಮಿಟೆಡ್ ದ ಮಿಸ್ಟೇಕ್’ ಎಂದು ದಾಖಲಾಗುತ್ತದೆ. ಮೂಲದಲ್ಲಿಲ್ಲದ ಮೂರು ಅಂಶಗಳು ಇಲ್ಲಿ ಸೇರಿಕೊಂಡಿವೆ: ಕರ್ತೃವಾಗಿ ‘ಐ’, ಉದ್ದೇಶಪೂರ್ವಕ ಕೃತ್ಯವನ್ನು ಸೂಚಿಸಬಲ್ಲ ‘ಕಮಿಟ್’, ಮತ್ತು ‘ತಪ್ಪು’ ಎಂಬುದನ್ನು ಎರಡು ಮೂಟೆಗಳ ಆರೋಪಕ್ಕೇ ಗಂಟುಹಾಕುವ ‘ದ’. ಕೆಲಸಗಾರ ಆಡಿದ್ದು ಎದುರಿನವರ ಸಿಟ್ಟನ್ನು ತಣಿಸುವ ಮಾತಾಗಿರಬಹುದು. ಕಾಗದದ ಮೇಲೆ ಅದು ತಪ್ಪೊಪ್ಪಿಗೆಯಾಗಿದೆ.

ಎರಡನ್ನೂ ಬೇರ್ಪಡಿಸಲು ಒಂದು ಸರಳ ಪರೀಕ್ಷೆ ಉಂಟು. ‘ತಪ್ಪಾಯ್ತು ಸಾರ್, ಆದ್ರೆ ಮೂಟೆ ನಾನು ಮುಟ್ಟಿಲ್ಲ’ ಎಂಬ ವಾಕ್ಯದಲ್ಲಿ ವಿರೋಧಾಭಾಸವಿಲ್ಲ. ಮೊದಲ ಭಾಗ ಶರಣಾಗತಿ, ಎರಡನೆಯದು ನಿರಾಕರಣೆ. ‘ಆ ತಪ್ಪು ನಾನೇ ಮಾಡಿದೆ ಸಾರ್, ಆದ್ರೆ ಮೂಟೆ ನಾನು ಮುಟ್ಟಿಲ್ಲ’ ಎಂದರೆ ಕೇಳಿದವರು ‘ಹಾಗಾದ್ರೆ ಯಾವ ತಪ್ಪು?’ ಎಂದು ಕೇಳದೆ ಇರಲಾರರು. ‘ನನ್ನಿಂದ ತಪ್ಪಾಯ್ತು’ ಎಂಬುದು ಇವೆರಡರ ನಡುವಿನದು. ಅದು ಹೊಣೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಉದ್ದೇಶವನ್ನು ಒಪ್ಪಿಕೊಳ್ಳುವುದಿಲ್ಲ.

ವರದಿಯ ಕ್ರಿಯಾಪದವೂ ಸುಳಿವು ಕೊಡುತ್ತದೆ. ‘ತಪ್ಪಾಯ್ತು ಅಂತ ಕಾಲಿಗೆ ಬಿದ್ದ’, ‘ತಪ್ಪಾಯ್ತು ಅಂತ ಬೇಡಿಕೊಂಡ’ ಎಂಬ ವಾಕ್ಯಗಳು ಅದನ್ನು ಯಾಚನೆಯೆಂದು ಗುರುತಿಸುತ್ತವೆ. ‘ತಪ್ಪಾಯ್ತು ಅಂತ ಒಪ್ಪಿಕೊಂಡ’ ಎಂದೂ ಹೇಳುವುದುಂಟು. ಹೀಗಾಗಿ ‘ತಪ್ಪಾಯ್ತು’ ಎಂದಿಗೂ ತಪ್ಪೊಪ್ಪಿಗೆಯಲ್ಲ ಎಂದು ನಾವು ಹೇಳುತ್ತಿಲ್ಲ. ಆ ಮಾತೊಂದರಿಂದಲೇ ಅದನ್ನು ನಿರ್ಧರಿಸಲಾಗದು ಎಂದಷ್ಟೇ ಹೇಳುತ್ತಿದ್ದೇವೆ. ಕರ್ನಾಟಕದ ಅಧೀನ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ದಾಖಲಾದ ಹೇಳಿಕೆಗಳನ್ನು ಉಚ್ಚ ನ್ಯಾಯಾಲಯದಲ್ಲಿ ಇಂಗ್ಲಿಷಿನಲ್ಲಿ ಓದುವ ಸಂದರ್ಭ ಬರುತ್ತದೆ. ಅಂಥ ಕಡೆಗಳಲ್ಲಿ ಮೂಲದ ರೂಪವನ್ನೇ ಲಿಪ್ಯಂತರಿಸಿ, ಅದಕ್ಕೆ ಮುಂಚಿನ ಪ್ರಶ್ನೆಯನ್ನೂ ಜೊತೆಗಿಟ್ಟು, ಕರ್ತೃವಿಲ್ಲದ ವಾಕ್ಯವೆಂದು ಸೂಚಿಸುವುದು ಅನುವಾದಕರ ಕರ್ತವ್ಯವಾಗಬೇಕು. ಇನ್ನೊಂದು ತುದಿಯ ಅಪಾಯವನ್ನೂ ಗಮನಿಸಬೇಕು. ‘ಅ ಮಿಸ್ಟೇಕ್ ಹ್ಯಾಪನ್ಡ್’ ಎಂಬ ಪದಶಃ ಅನುವಾದ ಇಂಗ್ಲಿಷಿನಲ್ಲಿ ಹೊಣೆಯಿಂದ ನುಣುಚಿಕೊಳ್ಳುವವರ ಮಾತಿನಂತೆ ಕೇಳಿಸುತ್ತದೆ. ಕನ್ನಡದ ‘ತಪ್ಪಾಯ್ತು’ ತಲೆತಗ್ಗಿಸಿ ಆಡುವ ಮಾತು. ಅದರಲ್ಲಿ ನುಣುಚಿಕೊಳ್ಳುವ ಭಾವವಿಲ್ಲ.

6. ‘ಸಾರಿ’ಯ ವ್ಯಾಪ್ತಿ

ಇಂಗ್ಲಿಷಿನ ‘ಸಾರಿ’ ಕ್ಷಮೆ ಕೇಳಲು, ಸಂತಾಪ ಸೂಚಿಸಲು, ಕೇಳಿಸದ ಮಾತನ್ನು ಮತ್ತೆ ಹೇಳಿಸಲು, ಮೂರಕ್ಕೂ ಬರುತ್ತದೆ. ಕನ್ನಡದಲ್ಲಿ ಇವು ಬೇರೆಬೇರೆ. ಸಾವಿನ ಮನೆಯಲ್ಲಿ ‘ಕ್ಷಮಿಸಿ’ ಎಂದರೆ ಸಾವಿನಲ್ಲಿ ತನ್ನ ಪಾಲಿದೆ ಎಂದಂತೆ; ಅಲ್ಲಿ ‘ಹೀಗಾಗಬಾರದಿತ್ತು’ ಎನ್ನುತ್ತೇವೆ, ಅಥವಾ ಏನೂ ಹೇಳದೆ ಕುಳಿತಿರುತ್ತೇವೆ. ಇಂಗ್ಲಿಷಿಗೆ ಹೋಗುವಾಗ ‘ಹೀಗಾಗಬಾರದಿತ್ತು’ ‘ಐ ಆಮ್ ಸೋ ಸಾರಿ’ ಆಗಬಹುದು. ಆದರೆ ‘ಬೇಜಾರು ಮಾಡ್ಕೋಬೇಡಿ’ ಎಂಬುದು ಹಾಗೆ ಸುಲಭವಾಗಿ ದಾಟುವುದಿಲ್ಲ. ‘ಸಾರಿ’ ತನ್ನ ನೋವನ್ನು ಹೇಳಿದರೆ ಇದು ಕೇಳುಗರ ನೋವಿನತ್ತ ತಿರುಗಿದೆ. ‘ಡೋಂಟ್ ಬಿ ಅಪ್‌ಸೆಟ್’ ಎಂದು ಅನುವಾದಿಸಿದರೆ ಅದು ನೊಂದವರಿಗೇ ಕೊಟ್ಟ ಉಪದೇಶವಾಗುತ್ತದೆ. ಇಲ್ಲಿ ‘ಐ ಆಮ್ ಸಾರಿ’ ಎಂಬುದೇ ಹೆಚ್ಚು ನಿಷ್ಠವಾದ ಅನುವಾದ. ಒಂದೆಡೆ ಸೇರಿಸಬಾರದ ‘ಸಾರಿ’ ಇನ್ನೊಂದೆಡೆ ಸೇರಿಸಲೇಬೇಕಾದ್ದಾಗುತ್ತದೆ.

ಕ್ಷಮೆಗೂ ಕ್ರಿಯಾರೂಪವಿದೆ. ಬಸ್ಸಿನಲ್ಲಿ ಕಾಲು ಇನ್ನೊಬ್ಬರಿಗೆ ತಾಗಿದರೆ ಅವರನ್ನು ಕೈಯಿಂದ ಮುಟ್ಟಿ ಆ ಕೈಯನ್ನು ಕಣ್ಣಿಗೋ ಎದೆಗೋ ಒತ್ತಿಕೊಳ್ಳುವುದನ್ನು ಎಲ್ಲರೂ ಬಲ್ಲರು. ಪುಸ್ತಕಕ್ಕೆ ಕಾಲು ತಾಗಿದರೂ ಹೀಗೆಯೇ ಮಾಡುತ್ತಾರೆ. ಪುಸ್ತಕಕ್ಕೆ ಮನನೋಯುವುದಿಲ್ಲ, ಆದ್ದರಿಂದ ಈ ಕ್ರಿಯೆ ಭಾವದ ವಿನಿಮಯವಷ್ಟೇ ಆಗಿರಲಾರದು. ಕೆಟ್ಟ ಮರ್ಯಾದೆಯನ್ನು ಅದು ಸರಿಪಡಿಸುತ್ತದೆ. ಕನ್ನಡದ ‘ಮನ್ನಿಸು’ ಎಂಬ ಪದಕ್ಕೆ ‘ಗೌರವಿಸು’, ‘ಕ್ಷಮಿಸು’ ಎಂಬ ಎರಡು ಅರ್ಥಗಳೂ ಇರುವುದು, ಅದರ ಜೊತೆಯಲ್ಲೇ ‘ಮನ್ನಣೆ’ ಇರುವುದು ಇಲ್ಲಿ ನೆನಪಾಗುತ್ತದೆ.

7. ವಾದದ ಮಿತಿ

‘ಕನ್ನಡಿಗರು ಥ್ಯಾಂಕ್ಸ್ ಹೇಳುವುದಿಲ್ಲ’ ಎಂಬ ಸಾಮಾನ್ಯೀಕರಣಕ್ಕೆ ಈ ಲೇಖನವನ್ನು ಆಧಾರ ಮಾಡಿಕೊಳ್ಳಬಾರದು. ಬೆಂಗಳೂರಿನ ಕಚೇರಿಗಳಲ್ಲಿ, ಯುವಜನರ ನಡುವೆ ‘ಥ್ಯಾಂಕ್ಸ್’, ‘ಸಾರಿ’ ಎರಡೂ ಕನ್ನಡದ ಪದಗಳೇ ಆಗಿವೆ. ಕನ್ನಡ ವಾಕ್ಯದೊಳಗಿನ ‘ಸಾರಿ’ಗೆ ‘ತಪ್ಪಾಯ್ತು’ವಿನ ಭಾರವಿಲ್ಲ ಎಂಬುದೂ ಇಬ್ಬರಿಗೂ ತಿಳಿದಿರುತ್ತದೆ. ಇಂಗ್ಲಿಷ್ ಮನೆಗಳಲ್ಲಿ ಹೆಜ್ಜೆಹೆಜ್ಜೆಗೂ ಥ್ಯಾಂಕ್ಸ್ ಹೇಳುತ್ತಾರೆಂಬ ನಂಬಿಕೆಯೂ ನಿಲ್ಲುವುದಿಲ್ಲ. ಸಿಮಿಯೋನ್ ಫ್ಲಾಯ್ಡ್ ಮತ್ತು ಸಂಗಡಿಗರು 2018ರಲ್ಲಿ 8 ಭಾಷೆಗಳ ಮನೆಮಾತಿನ ಧ್ವನಿಚಿತ್ರ ದಾಖಲೆಗಳನ್ನು ಪರಿಶೀಲಿಸಿ, ಕೇಳಿದ್ದನ್ನು ಮಾಡಿಕೊಟ್ಟಾಗ ಕೃತಜ್ಞತೆಯ ಮಾತು ಎಲ್ಲೆಡೆಯೂ ವಿರಳವೆಂದು ತೋರಿಸಿದ್ದಾರೆ. ಇಂಗ್ಲಿಷಿನಲ್ಲಿ ಅದು ಉಳಿದವುಗಳಿಗಿಂತ ಹೆಚ್ಚಾದರೂ ಸುಮಾರು ಏಳರಲ್ಲಿ ಒಂದು ಸಲ ಮಾತ್ರ. ಆ ಎಂಟರಲ್ಲಿ ದ್ರಾವಿಡ ಭಾಷೆ ಯಾವುದೂ ಇಲ್ಲ. ಕನ್ನಡದ ಮನೆಮಾತಿನ ಅಂಥ ದಾಖಲೆಯನ್ನು ಕಟ್ಟುವವರು ಮಾತನ್ನಷ್ಟೇ ಬರೆದುಕೊಂಡರೆ ಸಾಲದು. ಡಬ್ಬಿ ಯಾವ ದಿನ ಹಿಂದಿರುಗಿತು, ಅದರಲ್ಲಿ ಏನಿತ್ತು ಎಂಬುದನ್ನೂ ಬರೆದುಕೊಳ್ಳಬೇಕಾಗುತ್ತದೆ.